ಪತ್ರಿಕೆಯಿಂದ ಕಂಟೆಂಟ್ ಮಾರ್ಕೆಟಿಂಗ್‌ಗೆ: ಮೂರು ವರದಿ, ಒಂದು ಇಮೇಲ್

ಪತ್ರಿಕೆ ಕೆಲಸ ಬಿಟ್ಟು ಕಂಟೆಂಟ್ ಮಾರ್ಕೆಟಿಂಗ್‌ಗೆ ಬರಬೇಕು ಅಂತ ಅರ್ಜಿ ಹಾಕುವವರ ಮೇಲ್‌ಗಳನ್ನು ನಾನು ಆಗಾಗ ಓದುತ್ತೇನೆ. ನಾನೂ ಸುದ್ದಿಮನೆಯ ಡೆಸ್ಕಿನಿಂದ ಈ ಕಡೆ ಬಂದವನು. ಬರುವ ಮೇಲ್‌ಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. ಇಷ್ಟು ವರ್ಷ ಅನುಭವ ಇದೆ, ರಾಜಕೀಯ, ಅಪರಾಧ, ಕೃಷಿ, ಸಿನಿಮಾ ಎಲ್ಲ ಬರೆದಿದ್ದೇನೆ, ಬರವಣಿಗೆ ಅಂದರೆ ಪ್ರಾಣ. ಕೆಳಗೆ ಹದಿನೈದೋ ಇಪ್ಪತ್ತೋ ಲಿಂಕ್. ಅದರಲ್ಲಿ ಅರ್ಧ ತೆರೆಯುವುದೇ ಇಲ್ಲ.

ಬರೆದವರು ಒಳ್ಳೆಯ ವರದಿಗಾರರೇ ಇರುತ್ತಾರೆ. ಆದರೆ ಮೇಲ್ ಓದುವವರ ತಲೆಯಲ್ಲಿ ಬೇರೆಯೇ ಪ್ರಶ್ನೆ ಇರುತ್ತದೆ. ಇವರಿಗೆ ಬರೆಯಲು ಬರುತ್ತಾ ಅನ್ನುವುದು ಅವರಿಗೆ ದೊಡ್ಡ ಚಿಂತೆಯಲ್ಲ. ಪತ್ರಿಕೆಯಲ್ಲಿ ಇದ್ದವರಿಗೆ ಬರೆಯಲು ಬರುತ್ತದೆ ಅಂತ ಅವರಿಗೂ ಗೊತ್ತು. ನಮ್ಮ ಗ್ರಾಹಕನ ತಲೆಯಲ್ಲಿರುವ ಗೊಂದಲವನ್ನು ಹಿಡಿದು, ಬಿಡಿಸಿ, ಅವನು ಮುಂದಿನ ಹೆಜ್ಜೆ ಇಡುವ ಹಾಗೆ ಬರೆಯುತ್ತಾರಾ? ಅವರಿಗೆ ಬೇಕಿರುವ ಉತ್ತರ ಇದು. ಈ ಉತ್ತರ ನಿಮ್ಮ ಹಳೆಯ ವರದಿಗಳಲ್ಲೇ ಇದೆ. ಅದನ್ನು ಹುಡುಕಿ ತೆಗೆದು ತೋರಿಸುವ ಕೆಲಸ ಮಾತ್ರ ನಿಮ್ಮದು. ಇಪ್ಪತ್ತು ಲಿಂಕ್‌ಗಳ ನಡುವೆ ಅದನ್ನು ಹುಡುಕುವಷ್ಟು ಹೊತ್ತು ಅವರಿಗೆ ಇರುವುದಿಲ್ಲ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಇದು ವಿಷಯ ತಿಳಿಸಲು ನಾನೇ ಕಟ್ಟಿದ ಉದಾಹರಣೆ. ಹಾವೇರಿಯಲ್ಲಿ ಒಬ್ಬ ವರದಿಗಾರ್ತಿ ಇದ್ದಾರೆ. ಕನ್ನಡ ದಿನಪತ್ರಿಕೆಗೆ ಆರು ವರ್ಷದಿಂದ ಕೃಷಿ ಮತ್ತು ಎಪಿಎಂಸಿ ವರದಿ ಮಾಡುತ್ತಾರೆ. ಬೆಂಗಳೂರಿನ ಒಂದು ಕಂಪನಿ ರೈತರಿಗೆ ಬೆಳೆ ವಿಮೆ ಮತ್ತು ಸಾಲದ ಮಾಹಿತಿ ಕೊಡುವ ಆ್ಯಪ್ ನಡೆಸುತ್ತದೆ. ಅಲ್ಲಿ ಕನ್ನಡ ಕಂಟೆಂಟ್ ಬರೆಯುವವರು ಬೇಕಾಗಿದ್ದಾರೆ.

## ಮೊದಲು ಅವರು ಏನು ಬರೆಯುತ್ತಿದ್ದಾರೆ ನೋಡಿ

ಮೇಲ್ ಬರೆಯಲು ಕೂರುವ ಮೊದಲು ಆ ಕಂಪನಿ ಪ್ರಕಟಿಸಿರುವುದನ್ನು ಓದಿ. ವೆಬ್‌ಸೈಟಿನ ಲೇಖನಗಳು, ಯೂಟ್ಯೂಬ್ ವಿಡಿಯೊ, ಆ್ಯಪಿನ ಒಳಗಿನ ಸಹಾಯ ಪುಟಗಳು, ಫೇಸ್‌ಬುಕ್ ಪೋಸ್ಟ್‌ಗಳು. ಜೊತೆಗೆ ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪಿನ ಕೆಳಗೆ ಜನ ಬರೆದಿರುವ ವಿಮರ್ಶೆಗಳನ್ನು ತಪ್ಪದೇ ಓದಿ. ಗ್ರಾಹಕರ ನಿಜವಾದ ತಲೆನೋವು ಅಲ್ಲಿ ಅವರದೇ ಮಾತಿನಲ್ಲಿ ಸಿಗುತ್ತದೆ. ಬೀಟ್‌ಗೆ ಹೋಗುವ ಮೊದಲು ಹಳೇ ಫೈಲ್ ತಿರುವಿ ಹಾಕುತ್ತೀರಲ್ವಾ, ಅದೇ ಕೆಲಸ ಇದು.

ಓದುವಾಗ ಒಂದೇ ವಿಷಯ ಹುಡುಕಿ: ಗ್ರಾಹಕ ಕೇಳುತ್ತಿರುವ ಯಾವ ಪ್ರಶ್ನೆಗೆ ಇವರ ಹತ್ತಿರ ಸರಿಯಾದ ಉತ್ತರ ಇಲ್ಲ? ನಮ್ಮ ಉದಾಹರಣೆಯಲ್ಲಿ ಕಂಪನಿಯ ಸೈಟಿನಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಗೆ ನೋಂದಾಯಿಸುವುದು ಹೇಗೆ ಅಂತ ಲೇಖನ ಇದೆ. ಮುಂಗಾರು ಹಂಗಾಮಿನ ಆಹಾರ ಬೆಳೆಗೆ ರೈತನ ಪಾಲಿನ ಕಂತು ವಿಮಾ ಮೊತ್ತದ ಶೇ 2ಕ್ಕಿಂತ ಜಾಸ್ತಿ ಇರುವುದಿಲ್ಲ ಅಂತಲೂ ಇದೆ. ಆದರೆ "ಪಕ್ಕದ ಊರಿನವರಿಗೆ ದುಡ್ಡು ಬಂತು, ನನಗೆ ಯಾಕೆ ಬಂದಿಲ್ಲ?" ಅನ್ನುವ ಪ್ರಶ್ನೆಗೆ ಒಂದು ಸಾಲೂ ಇಲ್ಲ. ವಿಮರ್ಶೆಗಳಲ್ಲಿ ಜನ ಮತ್ತೆ ಮತ್ತೆ ಕೇಳಿರುವುದು ಅದನ್ನೇ. ನಮ್ಮ ವರದಿಗಾರ್ತಿ ಎರಡು ವರ್ಷದ ಹಿಂದೆ ಅದೇ ವಿಷಯದ ಮೇಲೆ ವರದಿ ಬರೆದಿದ್ದಾರೆ. ಅವರ ಮೇಲ್ ಶುರುವಾಗಬೇಕಾದ ಜಾಗ ಇದೇ.

ಇಂಥ ಹೊಂದಾಣಿಕೆ ಸಿಗದಿದ್ದರೆ ಆ ಕಂಪನಿಗೆ ಸದ್ಯಕ್ಕೆ ಬರೆಯಬೇಡಿ ಅಂತಲೇ ನಾನು ಹೇಳುತ್ತೇನೆ. ಕೃಷಿ ವರದಿ ಮಾಡಿದವರು ವಿಮೆ, ಬ್ಯಾಂಕಿಂಗ್, ಬೀಜ, ನೀರಾವರಿ ಕಂಪನಿಗಳನ್ನು ನೋಡಬಹುದು. ಆರೋಗ್ಯ ಬೀಟ್ ಮಾಡಿದವರಿಗೆ ಆಸ್ಪತ್ರೆ ಮತ್ತು ವಿಮೆ ಇದೆ. ಶಿಕ್ಷಣ ಬೀಟ್‌ನವರಿಗೆ ಪರೀಕ್ಷಾ ತಯಾರಿ ಸಂಸ್ಥೆಗಳಿವೆ. ನಿಮ್ಮ ಬೀಟ್ ಯಾವ ವ್ಯಾಪಾರದ ಗ್ರಾಹಕರನ್ನು ಮುಟ್ಟುತ್ತದೋ ಅಲ್ಲಿ ನಿಮ್ಮ ಹಳೆಯ ಬರಹಕ್ಕೆ ಬೆಲೆ ಇರುತ್ತದೆ.

ಒಂದು ಎಚ್ಚರಿಕೆ. ನೀವು ಈಗಲೂ ಪತ್ರಿಕೆಯಲ್ಲಿದ್ದು, ಅದೇ ಕಂಪನಿಯ ಬಗ್ಗೆ ವರದಿ ಮಾಡುತ್ತಿದ್ದರೆ ಅಲ್ಲಿಗೆ ಅರ್ಜಿ ಹಾಕುವ ಮೊದಲು ಆ ವಿಷಯದ ವರದಿಯಿಂದ ಹಿಂದೆ ಸರಿಯಿರಿ. ಬೆಳಿಗ್ಗೆ ಅವರ ಬಗ್ಗೆ ಸುದ್ದಿ, ಸಂಜೆ ಅವರಿಗೇ ಕೆಲಸದ ಮೇಲ್, ಇದು ಓದುಗರಿಗೆ ಮಾಡುವ ಅನ್ಯಾಯ. ಒಳ್ಳೆಯ ಕಂಪನಿಯೂ ಇದನ್ನು ಇಷ್ಟಪಡುವುದಿಲ್ಲ.

## ಮೂರೇ ಮೂರು ಬರಹ ಆರಿಸಿ

ಹಳೆಯ ವರದಿಗಳನ್ನು ಹುಡುಕಲು ಗೂಗಲ್‌ನಲ್ಲಿ ಹೀಗೆ ಟೈಪ್ ಮಾಡಿ. ಮೊದಲ ಭಾಗದಲ್ಲಿ ನಿಮ್ಮ ಪತ್ರಿಕೆಯ ವಿಳಾಸ, ಎರಡನೆಯದರಲ್ಲಿ ಬೈಲೈನ್‌ನಲ್ಲಿ ಬರುವ ಹಾಗೆಯೇ ನಿಮ್ಮ ಹೆಸರು ಹಾಕಿ.

```
site:example.com "ನಿಮ್ಮ ಹೆಸರು"
```

ಸಿಕ್ಕಿದ್ದನ್ನೆಲ್ಲ ಒಂದು ಕಡೆ ಹಾಕಿಕೊಂಡು ಪ್ರತಿಯೊಂದಕ್ಕೂ ಒಂದು ಪ್ರಶ್ನೆ ಕೇಳಿ: ಇದನ್ನು ಇವತ್ತು ಯಾರಾದರೂ ಹುಡುಕಿಕೊಂಡು ಬಂದು ಓದುತ್ತಾರಾ? ಸಚಿವರ ಹೇಳಿಕೆ, ಅಪಘಾತ, ಸಭೆ, ಪ್ರತಿಭಟನೆ ಇಲ್ಲಿಗೇ ಬಿದ್ದುಹೋಗುತ್ತವೆ. ಅವು ಕೆಟ್ಟ ವರದಿ ಅಂತ ಅಲ್ಲ. ಮುಖಪುಟದ ಸ್ಕೂಪ್ ಆಗಿರಬಹುದು, ಪ್ರಶಸ್ತಿಯೂ ಬಂದಿರಬಹುದು. ಆದರೆ ಕಂಟೆಂಟ್ ಮಾರ್ಕೆಟಿಂಗ್‌ನಲ್ಲಿ ಬರೆದದ್ದು ಒಂದು ವರ್ಷವಾದರೂ ಕೆಲಸ ಮಾಡುತ್ತಿರಬೇಕು. ಸ್ಕೂಪ್ ಆ ಗುಣವನ್ನು ತೋರಿಸುವುದಿಲ್ಲ. ಎಷ್ಟೋ ವರದಿಗಾರರಿಗೆ ತಮ್ಮ ಅತಿ ದೊಡ್ಡ ಸುದ್ದಿಯನ್ನು ಪಟ್ಟಿಯಿಂದ ಬಿಡುವುದು ಬಹಳ ಕಷ್ಟ. ಬಿಡಿ.

ಉಳಿದದ್ದರಲ್ಲಿ ಮೂರು ಥರದ ಬರಹ ನೋಡಿ.

ಮೊದಲನೆಯದು ವಿವರಿಸುವ ಬರಹ. ಸರ್ಕಾರಿ ನಿಯಮ, ತೆರಿಗೆ, ಕಾಯಿಲೆ, ಯೋಜನೆ ಯಾವುದೇ ಇರಲಿ, ಓದುಗನಿಗೆ ತಿಳಿಯದೇ ಇದ್ದುದನ್ನು ತಿಳಿಸಿರಬೇಕು. ಹಾವೇರಿಯ ವರದಿಗಾರ್ತಿಯ ವಿಮೆ ವರದಿ ಇಂಥದ್ದು. ಅದರಲ್ಲಿ ಅವರು ಏನು ಮಾಡಿದ್ದರು ನೋಡಿ. ಫಸಲ್ ಬಿಮಾದಲ್ಲಿ ಸಾಮಾನ್ಯವಾಗಿ ಪರಿಹಾರ ಲೆಕ್ಕ ಹಾಕುವುದು ಒಬ್ಬೊಬ್ಬ ರೈತನ ಹೊಲದ ಮೇಲಲ್ಲ. ಗ್ರಾಮ ಪಂಚಾಯಿತಿ ಅಥವಾ ಹೋಬಳಿಯನ್ನು ಒಂದು ಘಟಕ ಅಂತ ಇಟ್ಟುಕೊಂಡು, ಅಲ್ಲಿ ಆಯ್ದ ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ನೋಡುತ್ತಾರೆ. ಆ ಸರಾಸರಿ ನಿಗದಿತ ಮಟ್ಟಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಆ ಘಟಕದ ವಿಮೆ ಮಾಡಿಸಿದ ರೈತರಿಗೆಲ್ಲ ಪರಿಹಾರ. ಹಾಗಾಗಿ ನಿಮ್ಮ ಮೆಕ್ಕೆಜೋಳ ಪೂರ್ತಿ ಹೋಗಿದ್ದರೂ ಪಂಚಾಯಿತಿಯ ಸರಾಸರಿ ಚೆನ್ನಾಗಿದ್ದರೆ ದುಡ್ಡು ಬರುವುದಿಲ್ಲ. ಆಲಿಕಲ್ಲು ಮಳೆಯಂಥ ಸ್ಥಳೀಯ ವಿಕೋಪಕ್ಕೆ ಬೇರೆ ದಾರಿ ಇದೆ. ಆಗ 72 ಗಂಟೆಯೊಳಗೆ ತಿಳಿಸಬೇಕು, ತಿಳಿಸಿದರೆ ಆ ಹೊಲವನ್ನೇ ನೋಡುತ್ತಾರೆ. ವರದಿ ಈ ಎರಡನ್ನೂ ಬೇರೆ ಬೇರೆ ಮಾಡಿ ಹೇಳಿತ್ತು. ಕೊನೆಯಲ್ಲಿ ಯಾರಿಗೆ, ಹೇಗೆ ತಿಳಿಸಬೇಕು ಅಂತ ಇತ್ತು. ಕಂಪನಿಯವರು ದುಡ್ಡು ಕೊಟ್ಟು ಬರೆಸುವುದು ಇಂಥದ್ದನ್ನೇ.

ಎರಡನೆಯದು ಒಬ್ಬ ವ್ಯಕ್ತಿಯ ಕಥೆ. ಕಂಪನಿಗಳು ತಮ್ಮ ಗ್ರಾಹಕರ ಅನುಭವವನ್ನು ಕೇಸ್ ಸ್ಟಡಿ ಅಂತ ಬರೆಸುತ್ತವೆ. ಅದಕ್ಕೆ ಅಪರಿಚಿತರ ಮನೆ ಜಗಲಿಯಲ್ಲಿ ಕೂತು ಮಾತಾಡಿಸಿ, ಎಷ್ಟು ಖರ್ಚಾಯಿತು, ಎಲ್ಲಿ ಸೋತರು, ಏನು ಬದಲಾಯಿಸಿದರು ಅಂತ ಹೊರತೆಗೆಯಲು ಬರಬೇಕು. ನೀವು ಬರೆದ ಪ್ರಗತಿಪರ ರೈತರ ಪರಿಚಯ, ಸಣ್ಣ ಉದ್ದಿಮೆಯವರ ಸಂದರ್ಶನ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೊಗಳಿಕೆಯೇ ತುಂಬಿದ ಪರಿಚಯ ಬೇಡ. ಲೆಕ್ಕ ಮತ್ತು ಕಷ್ಟ ಎರಡೂ ಇರುವುದನ್ನು ಆರಿಸಿ.

ಮೂರನೆಯದು ಬೇರೆ ರೂಪದ್ದು ಇದ್ದರೆ ಒಳ್ಳೆಯದು. ವಿಡಿಯೊಗೆ ಬರೆದ ಸ್ಕ್ರಿಪ್ಟ್, ಪ್ರಶ್ನೋತ್ತರ, ದತ್ತಾಂಶ ಇಟ್ಟುಕೊಂಡು ಮಾಡಿದ ಪುಟ. ಇಲ್ಲದಿದ್ದರೆ ಎರಡನ್ನೇ ಕಳಿಸಿ. ಸಂಖ್ಯೆ ತುಂಬಿಸಲು ಸಾಧಾರಣ ವರದಿ ಸೇರಿಸಿದರೆ ಓದುವವರ ನೆನಪಿನಲ್ಲಿ ಉಳಿಯುವುದು ಆ ಸಾಧಾರಣ ವರದಿಯೇ.

ಜಾಹೀರಾತು ವಿಭಾಗದವರು ಹೇಳಿ ಬರೆಸಿದ ಪುರವಣಿ ಲೇಖನ ಇದ್ದರೆ ಅದನ್ನೂ ತೋರಿಸಬಹುದು, ಅದಕ್ಕೆ ನಾಚಿಕೆ ಬೇಡ. ಆದರೆ ಅದು ಜಾಹೀರಾತು ಲೇಖನ ಅಂತ ಸ್ಪಷ್ಟವಾಗಿ ಬರೆಯಿರಿ. ಸುದ್ದಿ ಅಂತ ತೋರಿಸಬೇಡಿ.

## ಸಾಕ್ಷಿ ಗಟ್ಟಿಯಾಗಿರಲಿ

ಬರಹ ಆರಿಸಿದ್ದಾಯಿತು. ಈಗ ಅದನ್ನು ಬೇರೆಯವರ ಫೋನಿನಲ್ಲಿ ತೆರೆದು ಓದುವ ಹಾಗೆ ಮಾಡಬೇಕು. ನನಗೆ ಬರುವ ಅರ್ಜಿಗಳಲ್ಲಿ ಅತಿ ಹೆಚ್ಚು ಹಾಳಾಗುವುದು ಇಲ್ಲಿಯೇ.

ಇ-ಪೇಪರ್ ಲಿಂಕ್ ಕಳಿಸಬೇಡಿ. ಎಷ್ಟೋ ಕಡೆ ಲಾಗಿನ್ ಕೇಳುತ್ತದೆ, ಹಳೆಯ ಸಂಚಿಕೆ ಕೆಲವು ದಿನ ಆದ ಮೇಲೆ ಸಿಗುವುದೂ ಇಲ್ಲ. ವರದಿ ಪತ್ರಿಕೆಯ ವೆಬ್‌ಸೈಟಿನಲ್ಲಿ ಇದ್ದರೆ ಆ ಲಿಂಕ್ ಕೊಡಿ. ಜೊತೆಗೆ web.archive.org ಗೆ ಹೋಗಿ Save Page Now ಅನ್ನುವಲ್ಲಿ ಅದೇ ಲಿಂಕ್ ಹಾಕಿ ಒಂದು ಪ್ರತಿ ಉಳಿಸಿಕೊಳ್ಳಿ. ನಾಳೆ ಪತ್ರಿಕೆ ಸೈಟ್ ಬದಲಿಸಿ ಲಿಂಕ್ ಸತ್ತರೂ ನಿಮ್ಮ ಬಳಿ ಪುರಾವೆ ಉಳಿಯುತ್ತದೆ. ಮುದ್ರಣದಲ್ಲಿ ಮಾತ್ರ ಬಂದಿದ್ದರೆ ಪುಟವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿ. ಪತ್ರಿಕೆಯ ಹೆಸರು, ದಿನಾಂಕ, ಪುಟ ಸಂಖ್ಯೆ ಕಾಣುವ ಹಾಗಿರಲಿ. ಮೂರೂ ಸೇರಿ ಒಂದೇ ಫೈಲ್ ಸಾಕು.

ಗೂಗಲ್ ಡ್ರೈವ್‌ನಲ್ಲಿ ಇಟ್ಟರೆ Anyone with the link ಅಂತ ಬದಲಿಸುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಓದುವವರಿಗೆ ಅನುಮತಿ ಕೇಳಿ ಅನ್ನುವ ಪುಟ ಬರುತ್ತದೆ. ಯಾರೂ ಕೇಳುವುದಿಲ್ಲ, ಮುಂದಿನ ಅರ್ಜಿಗೆ ಹೋಗುತ್ತಾರೆ. ಕಳಿಸುವ ಮೊದಲು ಪ್ರತಿ ಲಿಂಕನ್ನೂ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಫೋನಿನಲ್ಲೂ ನೋಡಿ.

ಕನ್ನಡದವರಿಗೇ ಇರುವ ಒಂದು ತೊಡಕು ಇದೆ. ನೀವು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಮೂಲ ಪ್ರತಿಯನ್ನು ಹಾಗೇ ಮೇಲ್‌ನಲ್ಲಿ ಅಂಟಿಸಿದರೆ ಆ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಸರಿ ಬಂದಿವೆಯಾ ಅಂತ ಒಂದು ಸಲ ಓದಿ, ಆಮೇಲೆ ಅಂಟಿಸಿ.

ಬೈಲೈನ್ ಇಲ್ಲದಿದ್ದರೆ? ಜಿಲ್ಲಾ ವರದಿಗಾರರ ಎಷ್ಟೋ ಒಳ್ಳೆಯ ಕೆಲಸ ಪತ್ರಿಕೆಯ ಹೆಸರಿನಲ್ಲೇ ಬರುತ್ತದೆ. ಆದಷ್ಟು ಬೈಲೈನ್ ಇರುವುದನ್ನೇ ಆರಿಸಿ. ಬೈಲೈನ್ ಇಲ್ಲದ ವರದಿಯೇ ನಿಮ್ಮ ಅತ್ಯುತ್ತಮ ಕೆಲಸ ಆಗಿದ್ದರೆ "ಬೈಲೈನ್ ಇಲ್ಲ, ವರದಿ ಮತ್ತು ಬರವಣಿಗೆ ನನ್ನದು" ಅಂತ ಬರೆಯಿರಿ. ಕೇಳಿದರೆ ದೃಢಪಡಿಸುವ ಹಿರಿಯ ಸಹೋದ್ಯೋಗಿಯೊಬ್ಬರನ್ನು ಮೊದಲೇ ಕೇಳಿ ಒಪ್ಪಿಸಿಕೊಳ್ಳಿ. ಇಬ್ಬರು ಸೇರಿ ಮಾಡಿದ ವರದಿಯಾದರೆ ನಿಮ್ಮ ಪಾಲು ಎಷ್ಟು ಅಂತ ಹೇಳಿ.

ಪ್ರಕಟವಾದ ವರದಿಯನ್ನು ಪೂರ್ತಿ ನಿಮ್ಮ ಸ್ವಂತ ಸೈಟಿಗೆ ನಕಲು ಮಾಡುವ ಬದಲು ಪತ್ರಿಕೆಯ ಲಿಂಕ್ ಕೊಡುವುದು ಕ್ಷೇಮ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯಲ್ಲಿದ್ದು ಬರೆದದ್ದನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಪತ್ರಿಕೆಯ ಮಾಲೀಕರದ್ದು, ಉಳಿದ ಹಕ್ಕು ಬರೆದವರದ್ದು. ಆದರೆ ನಿಮ್ಮ ನೇಮಕಾತಿ ಪತ್ರದಲ್ಲಿ ಬೇರೆ ಒಪ್ಪಂದ ಇರಬಹುದು. ಅದನ್ನು ತೆಗೆದು ಓದಿ.

ಇನ್ನು ಅಂಕಿ ಅಂಶ. ಮಾರ್ಕೆಟಿಂಗ್‌ನವರು ಅಂಕಿ ಕೇಳುತ್ತಾರೆ ಅಂತ ಗೊತ್ತಿರುವ ಕೆಲವರು "ಲಕ್ಷಾಂತರ ಓದುಗರು" ಅಂತ ಬರೆದುಬಿಡುತ್ತಾರೆ. ಪತ್ರಿಕೆಯ ಪ್ರಸಾರ ಸಂಖ್ಯೆ ನಿಮ್ಮ ವರದಿ ಓದಿದವರ ಸಂಖ್ಯೆ ಅಲ್ಲ. ಓದುವವರಿಗೆ ಇದು ಚೆನ್ನಾಗಿ ಗೊತ್ತು. ಸುದ್ದಿಮನೆಯ ಒಳಗಿನ ಪೇಜ್ ವ್ಯೂ ಅಂಕಿಯನ್ನು ಸಂಪಾದಕರ ಒಪ್ಪಿಗೆ ಇಲ್ಲದೆ ಹೊರಗೆ ಹಾಕಬೇಡಿ. ಹಾಗಾದರೆ ಏನು ಉಳಿಯಿತು? ಬೇಕಾದಷ್ಟಿದೆ. ಯೂಟ್ಯೂಬ್ ವೀಕ್ಷಣೆ ಎಲ್ಲರಿಗೂ ಕಾಣುತ್ತದೆ. ವರದಿ ಬಂದ ಮೇಲೆ ಇಲಾಖೆ ಸ್ಪಷ್ಟನೆ ಕೊಟ್ಟಿದ್ದರೆ ಅದರ ಲಿಂಕ್ ಇದೆ. ರೈತ ಟೈಪ್ ಮಾಡುವ ಹಾಗೆಯೇ "ಬೆಳೆ ವಿಮೆ ಹಣ ಯಾಕೆ ಬಂದಿಲ್ಲ" ಅಂತ ಇನ್‌ಕಾಗ್ನಿಟೊದಲ್ಲಿ ಹುಡುಕಿ. ನಿಮ್ಮ ವರದಿ ಮೊದಲ ಪುಟದಲ್ಲಿ ಬಂದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ, ಓದುವವರು ತಾವೇ ಹುಡುಕಿ ನೋಡಬಹುದು. ಆದರೆ ಫಲಿತಾಂಶ ಊರಿಂದ ಊರಿಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ. ಯಾವ ದಿನ ನೋಡಿದ್ದು ಅಂತ ಬರೆದು, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ವರದಿಯ ಫೋಟೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತಿ ನಿಮಗೇ ವಾಪಸ್ ಬಂದಿರಬಹುದು. ಐದು ಕೈ ದಾಟಿದ ಸಂದೇಶದ ಮೇಲೆ ವಾಟ್ಸ್‌ಆ್ಯಪ್ Forwarded many times ಅಂತ ತೋರಿಸುತ್ತದೆ. ಹಳ್ಳಿಯ ಗ್ರಾಹಕರನ್ನು ಮುಟ್ಟಬೇಕಾದ ಕಂಪನಿಗೆ ಇದು ಅರ್ಥಪೂರ್ಣ. ಕಳಿಸುವುದಾದರೆ ಅದರಲ್ಲಿರುವ ಹೆಸರು ಮತ್ತು ನಂಬರ್‌ಗಳನ್ನು ಮುಚ್ಚಿ.

## ಈಗ ಮೇಲ್

ಕಚೇರಿಯ ಐಡಿಯಿಂದ ಕಳಿಸಬೇಡಿ, ಸ್ವಂತ ಐಡಿ ಬಳಸಿ. ಕಂಟೆಂಟ್ ಅಥವಾ ಮಾರ್ಕೆಟಿಂಗ್ ತಂಡದ ಮುಖ್ಯಸ್ಥರ ಹೆಸರು ಲಿಂಕ್ಡ್‌ಇನ್‌ನಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಜಾಹೀರಾತಿನಲ್ಲಿ ಅರ್ಜಿ ಹಾಕುವ ದಾರಿ ಹೇಳಿದ್ದರೆ ಅಲ್ಲೂ ಹಾಕಿ, ಜೊತೆಗೆ ಇವರಿಗೂ ಬರೆಯಿರಿ. ಕೆಲಸದ ಜಾಹೀರಾತು ಇಂಗ್ಲಿಷಿನಲ್ಲಿದ್ದರೆ ಮೇಲ್ ಕೂಡ ಇಂಗ್ಲಿಷಿನಲ್ಲಿ ಇರಲಿ. ಓದುವವರಿಗೆ ಕನ್ನಡ ಬರದೇ ಇರಬಹುದು. ಹಾಗಿದ್ದರೆ ಪ್ರತಿ ವರದಿಯ ಜೊತೆ ನಾಲ್ಕೈದು ಸಾಲಿನ ಇಂಗ್ಲಿಷ್ ಸಾರಾಂಶ ಕೊಡಿ. ಇಲ್ಲಿ ಮಾದರಿಯನ್ನು ಕನ್ನಡದಲ್ಲೇ ಕೊಡುತ್ತೇನೆ, ಕಟ್ಟುವ ಕ್ರಮ ಎರಡೂ ಭಾಷೆಗೆ ಒಂದೇ.

ಮೊದಲು, ಹೆಚ್ಚಿನವರು ಬರೆಯುವ ಆರಂಭ ನೋಡಿ:

"ನಾನು ಕಳೆದ ಆರು ವರ್ಷಗಳಿಂದ ಪತ್ರಕರ್ತೆಯಾಗಿ ಕೆಲಸ ಮಾಡುತ್ತಿದ್ದು, ಈಗ ಕಂಟೆಂಟ್ ಮಾರ್ಕೆಟಿಂಗ್ ಕ್ಷೇತ್ರಕ್ಕೆ ಬರಲು ಬಯಸಿದ್ದೇನೆ. ನಿಮ್ಮಂಥ ಪ್ರತಿಷ್ಠಿತ ಸಂಸ್ಥೆಯಲ್ಲಿ ಅವಕಾಶ ಸಿಕ್ಕರೆ ನನ್ನ ಅನುಭವವನ್ನು ಧಾರೆ ಎರೆಯುತ್ತೇನೆ."

ಇದರಲ್ಲಿ ತಪ್ಪು ಅನ್ನುವಂಥದ್ದು ಏನೂ ಇಲ್ಲ. ಆದರೆ ಯಾವ ಕಂಪನಿಗೆ ಬೇಕಾದರೂ ಕಳಿಸಬಹುದು. ಓದುವವರಿಗೆ ಸಿಗುವುದು ನಿಮ್ಮ ಆಸೆಯ ಸುದ್ದಿ ಮಾತ್ರ. ಈಗ ಅದೇ ವರದಿಗಾರ್ತಿಯ ಇನ್ನೊಂದು ಮೇಲ್:

ವಿಷಯ: ಕನ್ನಡ ಕಂಟೆಂಟ್ ಹುದ್ದೆ: ಬೆಳೆ ವಿಮೆ, ಸಾಲ, ಎಪಿಎಂಸಿ ದರದ ಬಗ್ಗೆ ರೈತರಿಗಾಗಿ ಬರೆದ ಮೂರು ವರದಿ

ನಮಸ್ಕಾರ,

ನಿಮ್ಮ ಆ್ಯಪಿನ ವಿಮರ್ಶೆಗಳಲ್ಲಿ ರೈತರು ಪದೇ ಪದೇ ಒಂದು ಪ್ರಶ್ನೆ ಕೇಳಿದ್ದಾರೆ: ಪಕ್ಕದ ಊರಿಗೆ ವಿಮೆ ಹಣ ಬಂತು, ನನಗೆ ಯಾಕೆ ಬಂದಿಲ್ಲ? ಈ ಪ್ರಶ್ನೆಗೆ ನಾನು ಎರಡು ವರ್ಷದ ಹಿಂದೆ ಹಾವೇರಿಯ ಮೆಕ್ಕೆಜೋಳ ಬೆಳೆಗಾರರಿಗಾಗಿ ಉತ್ತರ ಬರೆದಿದ್ದೆ. ನಿಮ್ಮ ಕನ್ನಡ ಕಂಟೆಂಟ್ ಹುದ್ದೆಗೆ ಅದೇ ನನ್ನ ಮೊದಲ ಮಾದರಿ.

1. ವಿಮೆ ಪರಿಹಾರ ಹೇಗೆ ಲೆಕ್ಕ ಹಾಕುತ್ತಾರೆ [ಲಿಂಕ್]. ಪಂಚಾಯಿತಿ ಸರಾಸರಿ ಮತ್ತು 72 ಗಂಟೆಯ ನಿಯಮ ಎರಡನ್ನೂ ಬೇರೆ ಬೇರೆಯಾಗಿ ವಿವರಿಸಿದ್ದೇನೆ. "ಬೆಳೆ ವಿಮೆ ಹಣ ಯಾಕೆ ಬಂದಿಲ್ಲ" ಅಂತ ಹುಡುಕಿದರೆ ಈಗಲೂ ಮೊದಲ ಪುಟದಲ್ಲಿ ಬರುತ್ತದೆ (ಈ ವಾರ ನೋಡಿದ್ದು).

2. ಸಾಲ ತೀರಿಸಿದ ಕುರಿ ಸಾಕಣೆದಾರರ ಕಥೆ [ಲಿಂಕ್]. ಮೂರು ವರ್ಷದ ಖರ್ಚು, ಆದಾಯ, ನಷ್ಟವನ್ನು ಅವರ ಲೆಕ್ಕದ ಪುಸ್ತಕ ನೋಡಿ ಬರೆದದ್ದು. ಹೆಸರು ಮತ್ತು ಅಂಕಿ ಪ್ರಕಟಿಸಲು ಅವರ ಒಪ್ಪಿಗೆ ಪಡೆದಿದ್ದೆ.

3. ಎಪಿಎಂಸಿ ದರ ಓದುವುದು ಹೇಗೆ, ವಿಡಿಯೊ [ಲಿಂಕ್]. ಸ್ಕ್ರಿಪ್ಟ್ ನನ್ನದು, ಚಿತ್ರೀಕರಣ ಮತ್ತು ಸಂಕಲನ ಸಹೋದ್ಯೋಗಿಯದ್ದು.

ಆರು ವರ್ಷದಿಂದ ದಿನಪತ್ರಿಕೆಯಲ್ಲಿ ಕೃಷಿ ವರದಿ ಮಾಡುತ್ತಿದ್ದೇನೆ. ಒಂದೇ ಓದುಗ ವರ್ಗದ ಜೊತೆ ವರ್ಷವಿಡೀ ಇದ್ದು, ಅವರ ಪ್ರಶ್ನೆಗಳಿಗೆ ಉತ್ತರ ಬರೆಯುವ ಕೆಲಸ ಬೇಕು ಅಂತ ಈ ಬದಲಾವಣೆ. ಪ್ರಚಾರದ ಬರಹ ಮತ್ತು ಸರ್ಚ್ ಸಾಧನಗಳ ಅನುಭವ ನನಗೆ ಕಡಿಮೆ. ಹಾಗಾಗಿ ನಿಮ್ಮ ವಿಮೆ ಸಹಾಯ ಪುಟಕ್ಕೆ ಸೇರಿಸಬಹುದಾದ ಒಂದು ಪ್ರಶ್ನೋತ್ತರವನ್ನು ಬರೆದು ಲಗತ್ತಿಸಿದ್ದೇನೆ.

ಮುಂದಿನ ವಾರ ಇಪ್ಪತ್ತು ನಿಮಿಷ ಮಾತಾಡಲು ಸಾಧ್ಯವೇ? ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ನನಗೆ ಬಿಡುವಿದೆ. ನೋಟಿಸ್ ಅವಧಿ ಒಂದು ತಿಂಗಳು. ನಾನು ಅರ್ಜಿ ಹಾಕಿರುವುದು ಸದ್ಯಕ್ಕೆ ನಮ್ಮ ಕಚೇರಿಗೆ ತಿಳಿದಿಲ್ಲ, ದಯವಿಟ್ಟು ಗೌಪ್ಯವಾಗಿಡಿ.

ವಂದನೆಗಳು,
ಹೆಸರು, ಫೋನ್ ನಂಬರ್

ಈ ಮೇಲ್‌ನ ಮೊದಲ ವಾಕ್ಯದಲ್ಲಿ ಬರೆದವರ ಬಗ್ಗೆ ಏನೂ ಇಲ್ಲ, ಕಂಪನಿಯ ಗ್ರಾಹಕ ಇದ್ದಾನೆ. ಎರಡನೆಯ ವಾಕ್ಯದಲ್ಲಿ ಅವನ ಪ್ರಶ್ನೆಗೆ ಪ್ರಕಟವಾದ ಉತ್ತರ ಇದೆ. ಎಷ್ಟು ವರ್ಷದ ಅನುಭವ ಅನ್ನುವುದು ಆಮೇಲೆ, ಒಂದೇ ಸಾಲಿನಲ್ಲಿ ಬರುತ್ತದೆ. ಫೋನಿನಲ್ಲಿ ಮೇಲ್ ತೆರೆದು ಮೊದಲ ನಾಲ್ಕು ಸಾಲು ಮಾತ್ರ ಓದಿದವರಿಗೂ ವಿಷಯ ತಿಳಿಯುತ್ತದೆ.

ಪ್ರತಿ ಲಿಂಕಿನ ಕೆಳಗಿನ ಟಿಪ್ಪಣಿಯನ್ನು ಗಮನಿಸಿ. ಲಿಂಕ್ ತೆರೆಯದೇ ಇದ್ದವರಿಗೂ ಅದು ಏನನ್ನು ತೋರಿಸುತ್ತದೆ ಅಂತ ಅರ್ಥವಾಗಬೇಕು. ಕುರಿ ಸಾಕಣೆಯ ಟಿಪ್ಪಣಿಯಲ್ಲಿ ಒಪ್ಪಿಗೆ ಪಡೆದ ಮಾತು ಸುಮ್ನೆ ಬಂದಿಲ್ಲ. ಕೇಸ್ ಸ್ಟಡಿ ಬರೆಸುವ ತಂಡಕ್ಕೆ ಗ್ರಾಹಕರ ಅನುಮತಿ ಪಡೆಯುವುದು ದೊಡ್ಡ ಕೆಲಸ. ಅದು ನಿಮಗೆ ಅಭ್ಯಾಸವಾಗಿದೆ ಅಂತ ಒಂದೇ ವಾಕ್ಯ ಹೇಳಿಬಿಡುತ್ತದೆ. ಮೂರನೆಯದರಲ್ಲಿ ಯಾವುದು ತನ್ನದಲ್ಲ ಅಂತ ಹೇಳಿರುವುದರಿಂದ ಉಳಿದ ಎರಡರ ಮೇಲೆ ನಂಬಿಕೆ ಹೆಚ್ಚುತ್ತದೆ.

ಯಾಕೆ ಬಿಡುತ್ತಿದ್ದೀರಿ ಅನ್ನುವುದಕ್ಕೆ ಒಂದೇ ವಾಕ್ಯ ಸಾಕು. ಸಂಬಳ ಸಾಲುತ್ತಿಲ್ಲ, ಪತ್ರಿಕೋದ್ಯಮ ಮೊದಲಿನಂತಿಲ್ಲ, ರಾತ್ರಿ ಪಾಳಿ ಸಾಕಾಗಿದೆ, ಇವೆಲ್ಲ ನಿಜವೇ ಇರಬಹುದು. ಆದರೆ ಅವು ಹೋಗುವ ಕಾರಣ. ಬರುವ ಕಾರಣವನ್ನು ಬರೆಯಿರಿ, ಅದೂ ನಿಜವೇ ಆಗಿರಲಿ. ಮುಖಾಮುಖಿ ಮಾತಾಡುವಾಗ ಇದನ್ನು ಕೇಳಿಯೇ ಕೇಳುತ್ತಾರೆ.

## ವರದಿಗಳು ತೋರಿಸದೇ ಇರುವುದು

ಪ್ರಕಟವಾದ ವರದಿಗೂ ಒಂದು ಮಿತಿ ಇದೆ. ನೀವು ವಿಷಯ ತಿಳಿದು ಬರೆಯುತ್ತೀರಿ, ಹೇಳಿದ ಹೊತ್ತಿಗೆ ಕೊಡುತ್ತೀರಿ, ಜನರನ್ನು ಮಾತಾಡಿಸುತ್ತೀರಿ ಅಂತ ಅದು ತೋರಿಸುತ್ತದೆ. ಕಂಪನಿಯ ಪರವಾಗಿ, ಕಂಪನಿಯ ದನಿಯಲ್ಲಿ ಬರೆಯುತ್ತೀರಾ ಅಂತ ತೋರಿಸುವುದಿಲ್ಲ. ಓದಿದವರನ್ನು ನೋಂದಣಿವರೆಗೆ ಕರೆದೊಯ್ಯುತ್ತೀರಾ ಅಂತಲೂ ತೋರಿಸುವುದಿಲ್ಲ. ಪತ್ರಕರ್ತರನ್ನು ತೆಗೆದುಕೊಳ್ಳುವಾಗ ಮ್ಯಾನೇಜರ್‌ಗಳಿಗೆ ಇರುವ ದೊಡ್ಡ ಅನುಮಾನ ಇದೇ. ಇವರಿಗೆ ಸರಕು ಮಾರುವ ಮಾತು ಬರೆಯಲು ಮುಜುಗರ ಆಗುತ್ತದೇನೋ ಅಂತ ಅವರು ಯೋಚಿಸುತ್ತಾರೆ.

ಆ ಅನುಮಾನಕ್ಕೆ ಉತ್ತರವೇ ಆ ಲಗತ್ತು. ಮುನ್ನೂರು ಪದ ಸಾಕು. ಕಂಪನಿಯ ಈಗಿನ ಸಹಾಯ ಪುಟದ ಧಾಟಿಯಲ್ಲೇ ಬರೆಯಿರಿ. ಮೇಲಿನ ಉದಾಹರಣೆಯಲ್ಲಿ ಹೀಗೆ: ಪ್ರಶ್ನೆ ರೈತನ ಮಾತಿನಲ್ಲಿ. ಉತ್ತರದ ಮೊದಲ ಸಾಲಿನಲ್ಲೇ ವಿಷಯ. ಆಮೇಲೆ ಪಂಚಾಯಿತಿ ಸರಾಸರಿಯ ವಿವರಣೆ, ಒಂದು ಸಣ್ಣ ಲೆಕ್ಕ. ವಿಮಾ ಮೊತ್ತ 50,000 ರೂಪಾಯಿ ಅಂತ ಇಟ್ಟುಕೊಂಡರೆ ಮುಂಗಾರಿಗೆ ರೈತನ ಕಂತು ಹೆಚ್ಚೆಂದರೆ 1,000 ರೂಪಾಯಿ. ಇಳುವರಿ ಸರಾಸರಿ ನಿಗದಿತ ಮಟ್ಟಕ್ಕಿಂತ ಶೇ 30ರಷ್ಟು ಕಡಿಮೆ ಬಿದ್ದರೆ ಪರಿಹಾರ 15,000 ರೂಪಾಯಿ. ಕೊನೆಯಲ್ಲಿ "ನಿಮ್ಮ ಅರ್ಜಿ ಯಾವ ಹಂತದಲ್ಲಿದೆ ಅಂತ ಆ್ಯಪಿನಲ್ಲಿ ಇಲ್ಲಿ ನೋಡಿ" ಅನ್ನುವ ಒಂದು ಸಾಲು. ವರದಿಯಲ್ಲಿ ಈ ಕೊನೆಯ ಸಾಲು ಇರುವುದಿಲ್ಲ. ಎರಡು ಕೆಲಸಗಳ ನಡುವಿನ ವ್ಯತ್ಯಾಸ ನಿಮಗೆ ಗೊತ್ತಿದೆ ಅಂತ ಆ ಸಾಲು ತೋರಿಸುತ್ತದೆ. ಆ್ಯಪಿನಲ್ಲಿ ಆ ಸೌಲಭ್ಯ ನಿಜವಾಗಿ ಇದೆಯಾ ಅಂತ ಮಾತ್ರ ಮೊದಲು ನೋಡಿಕೊಳ್ಳಿ. ಇಲ್ಲದ್ದನ್ನು ಬರೆದರೆ ಆ ಪುಟ ಪೂರ್ತಿ ಕೆಟ್ಟಂತೆಯೇ.

ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನಬೇಡಿ. ಎಸ್‌ಇಒ, ಅಂದರೆ ಹುಡುಕಾಟದಲ್ಲಿ ಪುಟ ಮೇಲೆ ಬರುವ ಹಾಗೆ ಮಾಡುವ ಕೆಲಸದ ತಜ್ಞೆ ಅಂತ ಬರೆದರೆ ಮೊದಲ ಮಾತುಕತೆಯಲ್ಲೇ ಗೂಗಲ್‌ನ ಸರ್ಚ್ ಕನ್ಸೋಲ್ ಸಾಧನದ ಬಗ್ಗೆ ಕೇಳುತ್ತಾರೆ.

## ಕಳಿಸಿದ ಮೇಲೆ

ಒಂದು ವಾರ ಬಿಟ್ಟು ಉತ್ತರ ಬಾರದಿದ್ದರೆ ಅದೇ ಮೇಲ್‌ಗೆ ಎರಡು ಸಾಲು ಬರೆಯಿರಿ. "ನನ್ನ ಮೇಲ್ ನೋಡಿದಿರಾ" ಅಂತ ಕೇಳುವ ಬದಲು ಹೊಸದೇನಾದರೂ ಕೊಡಿ. ಆ ವಾರ ಪ್ರಕಟವಾದ ಹೊಸ ವರದಿ ಇರಬಹುದು, ಅವರ ಸಹಾಯ ಪುಟದಲ್ಲಿ ಕಂಡ ಹಳೆಯ ದಿನಾಂಕ ಇರಬಹುದು. ಅದಕ್ಕೂ ಉತ್ತರ ಇಲ್ಲದಿದ್ದರೆ ಅಲ್ಲಿಗೆ ಬಿಡಿ. ವಾಟ್ಸ್‌ಆ್ಯಪ್‌ನಲ್ಲಿ ಬೆನ್ನು ಹತ್ತಬೇಡಿ.

ಐದಾರು ಕಂಪನಿಗೆ ಕಳಿಸಿದ ಮೇಲೆ ಎಲ್ಲಿ ತಪ್ಪುತ್ತಿದೆ ಅಂತ ನೋಡುವುದು ಸುಲಭ. ಯಾರೂ ಉತ್ತರಿಸದಿದ್ದರೆ ವಿಷಯದ ಸಾಲು ಮತ್ತು ಮೊದಲ ಪ್ಯಾರಾ ಬದಲಿಸಿ, ಇಲ್ಲವೇ ನೀವು ಆರಿಸಿದ ಕಂಪನಿಗೂ ನಿಮ್ಮ ಬೀಟ್‌ಗೂ ಸಂಬಂಧ ಕಡಿಮೆ ಇದೆ. ಉತ್ತರ ಬಂದು "ಬೇರೆ ಮಾದರಿ ಇದೆಯಾ" ಅಂತ ಕೇಳಿದರೆ ನಿಮ್ಮ ಮೂರು ಆಯ್ಕೆಯಲ್ಲಿ ತೊಂದರೆ ಇದೆ. ಮಾತುಕತೆಯವರೆಗೆ ಹೋಗಿ ಅಲ್ಲಿ ನಿಂತರೆ ಬರಹ ಪಾಸಾಗಿದೆ, ಮಾರ್ಕೆಟಿಂಗ್ ಬಗ್ಗೆ ಇರುವ ಅನುಮಾನ ಉಳಿದಿದೆ.

ಟೆಸ್ಟ್ ಅಸೈನ್‌ಮೆಂಟ್ ಕೊಟ್ಟರೆ ಮಾಡಿ, ಆದರೆ ಅದರ ಗಾತ್ರ ನೋಡಿ. ಒಂದು ಸಣ್ಣ ಲೇಖನ ಅಥವಾ ಇರುವ ಪುಟವನ್ನು ತಿದ್ದುವುದು ಸರಿ. ಐದು ಪೂರ್ತಿ ಲೇಖನ ಬೇಕು ಅಂದರೆ ಅದು ಪರೀಕ್ಷೆ ಅಲ್ಲ, ಬಿಟ್ಟಿ ಕೆಲಸ. "ಒಂದನ್ನು ಮಾದರಿಯಾಗಿ ಬರೆಯುತ್ತೇನೆ, ಉಳಿದವಕ್ಕೆ ಎಷ್ಟು ಸಂಭಾವನೆ ಕೊಡುತ್ತೀರಿ" ಅಂತ ನೇರವಾಗಿ ಕೇಳಿ. ಬರೆದದ್ದನ್ನು ನಿಮ್ಮನ್ನು ತೆಗೆದುಕೊಳ್ಳದೆಯೂ ಪ್ರಕಟಿಸುತ್ತಾರಾ ಅಂತಲೂ ಮೊದಲೇ ಕೇಳಿ, ಉತ್ತರ ಮೇಲ್‌ನಲ್ಲೇ ಬರಲಿ.

ಅಸೈನ್‌ಮೆಂಟ್‌ಗೆ ನಿಮ್ಮ ಪತ್ರಿಕೆಯ ಪ್ರಕಟವಾಗದ ಟಿಪ್ಪಣಿಗಳನ್ನು ಬಳಸಬೇಡಿ. ವರದಿಗೆಂದು ಮಾತಾಡಿದವರ ಫೋನ್ ನಂಬರ್‌ಗಳನ್ನೂ ಹೊಸ ಕಂಪನಿಗೆ ಕೊಡಬೇಡಿ. ಅವರು ನಂಬಿ ಮಾತಾಡಿದ್ದು ಒಬ್ಬ ವರದಿಗಾರ್ತಿಯ ಜೊತೆ. ಕಂಪನಿಗಾಗಿ ಅವರನ್ನು ಮತ್ತೆ ಮಾತಾಡಿಸಬೇಕಾದರೆ, ಈಗ ಯಾರ ಪರವಾಗಿ ಕೇಳುತ್ತಿದ್ದೀರಿ ಅಂತ ಮೊದಲು ಹೇಳಿ, ಅವರು ಒಪ್ಪಿದರೆ ಮಾತ್ರ ಮುಂದುವರಿಯಿರಿ.